ನಾಲ್ಕು ನಿಮಿಷದ ಉದ್ಘಾಟನಾ ಮಾತು

ಕಾಲೇಜಿನ ಸಾಂಸ್ಕೃತಿಕ ಹಬ್ಬದ ಉದ್ಘಾಟನೆ ಹೇಗೆ ನಡೆಯುತ್ತದೆ ಎಂದು ಶಿವಮೊಗ್ಗದಲ್ಲಿ ಓದಿದವರಿಗೆಲ್ಲ ಗೊತ್ತು. ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಉದ್ಘಾಟನಾ ಭಾಷಣ, ಅಧ್ಯಕ್ಷರ ಭಾಷಣ, ವಂದನಾರ್ಪಣೆ. ದೀಪ ಹಚ್ಚುವುದಕ್ಕೆ ಹೊರಗಿನಿಂದ ಒಬ್ಬರು ಅತಿಥಿ ಬರುತ್ತಾರೆ. ನಮ್ಮ ಕಾಲೇಜಿನಲ್ಲಿ ಆ ವರ್ಷ ಪ್ರಿನ್ಸಿಪಾಲರು ಈ ಪದ್ಧತಿ ಬದಲಿಸಿದರು. ಅತಿಥಿಗಳು ಸಮಾರೋಪಕ್ಕೆ ಬಂದು ಬಹುಮಾನ ಕೊಡಲಿ, ಹಬ್ಬ ಹುಡುಗರದ್ದು, ಉದ್ಘಾಟನೆಯನ್ನು ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯೇ ಮಾಡಲಿ ಎಂದರು. ಕಾರ್ಯದರ್ಶಿ ನಾನಾಗಿದ್ದೆ. ಬಿ.ಎ. ಕೊನೆಯ ವರ್ಷ. ಊರು ಹೊಸನಗರ ತಾಲ್ಲೂಕು, ವಾಸ ಶಿವಮೊಗ್ಗದ ಹಾಸ್ಟೆಲು.

‘ನಾಲ್ಕು ನಿಮಿಷ ಸಾಕಮ್ಮ. ಹುಡುಗರಿಗೆ ಹುರುಪು ಬರೋ ಹಾಗೆ ಮಾತಾಡು’ ಎಂದು ಪ್ರಿನ್ಸಿಪಾಲರು ಹೇಳಿದರು.

ನಾಲ್ಕು ನಿಮಿಷ ಎಷ್ಟು ಎಂದು ತಿಳಿಯಲು ನಾಡಗೀತೆಯ ಲೆಕ್ಕ ನನಗೆ ಸಹಾಯಕ್ಕೆ ಬಂತು. ನಾಡಗೀತೆಯನ್ನು 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕು ಎಂದು 2022ರಲ್ಲಿ ಸರ್ಕಾರ ಆದೇಶ ಮಾಡಿದೆ. ನನಗೆ ಸಿಕ್ಕಿದ್ದು ಅದರ ಒಂದೂವರೆ ಪಟ್ಟಿಗಿಂತ ಚೂರು ಜಾಸ್ತಿ. ನಾಡಗೀತೆಯ ಹೊತ್ತಿಗೆ ಎಲ್ಲರೂ ನೆಟ್ಟಗೆ ನಿಂತಿರುತ್ತಾರೆ. ಕೂತ ಮೇಲೆ, ಸ್ವಾಗತ ಭಾಷಣ ಮುಗಿಯುವ ಹೊತ್ತಿಗೆ, ಹಿಂದಿನ ಅರ್ಧ ಸಭೆ ತನ್ನ ಪಾಡಿಗೆ ಮಾತಿಗೆ ಇಳಿದಿರುತ್ತದೆ. ನನ್ನ ಮಾತು ತಲುಪಬೇಕಾದ್ದು ಅವರಿಗೇ ಆಗಿತ್ತು.

ಮೊದಲು ಬರೆದದ್ದು ಎರಡು ಪುಟ. ಕುಪ್ಪಳಿಯ ಕುವೆಂಪು, ಮೇಳಿಗೆಯ ಅನಂತಮೂರ್ತಿ, ಒಂದೇ ತಾಲ್ಲೂಕಿಗೆ ಎರಡು ಜ್ಞಾನಪೀಠ. ಉಡುತಡಿಯ ಅಕ್ಕಮಹಾದೇವಿ. ಕೆಳದಿಯ ಶಿವಪ್ಪ ನಾಯಕ. 1949ರಲ್ಲಿ ಹೆಗ್ಗೋಡಿನಂಥ ಸಣ್ಣ ಹಳ್ಳಿಯಲ್ಲಿ ಹುಟ್ಟಿದ ನೀನಾಸಂ, 1991ರಲ್ಲಿ ಕೆ.ವಿ. ಸುಬ್ಬಣ್ಣನವರಿಗೆ ಬಂದ ಮ್ಯಾಗ್ಸೆಸೆ ಪ್ರಶಸ್ತಿ. ಬರೆದದ್ದೆಲ್ಲ ನಿಜ, ನಾನು ಹೆಮ್ಮೆಪಡುವಂಥದ್ದು. ಸಾಂಸ್ಕೃತಿಕ ಸಮಿತಿಯ ಸಂಚಾಲಕಿ ಮೇಡಂ ಅದನ್ನು ಪೂರ್ತಿ ಓದಿದರು. ತಿದ್ದಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ‘ಇದನ್ನ ಕೇಳಿದ ಮೇಲೆ ಹುಡುಗರು ಎಂತ ಮಾಡಬೇಕು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಭಾಗವಹಿಸಬೇಕು’ ಅಂದೆ.

‘ಯಾವುದರಲ್ಲಿ? ಹೆಸರು ಕೊಡೋ ದಿನ ಮುಗಿದು ವಾರ ಆಯ್ತಲ್ಲ.’

ನನ್ನ ಭಾಷಣ ನಿಜವಾಗಿ ಶುರುವಾದದ್ದು ಈ ಮಾತಿನಿಂದ. ನಮ್ಮ ಹಬ್ಬದಲ್ಲಿ ಸ್ಪರ್ಧೆಗೆ ಹೆಸರು ಕೊಡುವುದು ಉದ್ಘಾಟನೆಗೆ ಮೊದಲೇ ಮುಗಿದಿರುತ್ತದೆ. ಆಮೇಲೆ ವೇದಿಕೆ ಮೇಲೆ ನಿಂತು ‘ಬನ್ನಿ, ನಿಮ್ಮ ಪ್ರತಿಭೆ ತೋರಿಸಿ’ ಎಂದರೆ ಯಾರು ಎಲ್ಲಿಗೆ ಬರಬೇಕು? ಉದ್ಘಾಟನಾ ಭಾಷಣಗಳು ಹುರುಪು ತರದೇ ಇರುವುದಕ್ಕೆ ಮಾತಿನ ಕೊರತೆ ಅಷ್ಟಾಗಿ ಕಾರಣವಲ್ಲ, ಕೇಳಿದವನು ಎದ್ದು ಹೋಗಿ ಮಾಡಬಹುದಾದ ಕೆಲಸ ಆ ಮಾತಿನ ಹಿಂದೆ ಇರುವುದೇ ಇಲ್ಲ ಎಂದು ನನಗೆ ಆಗ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಹಿಂದಿನ ವರ್ಷದ ಹೆಸರಿನ ಪಟ್ಟಿಯನ್ನು ಆಫೀಸಿನಿಂದ ಕೇಳಿ ತಂದೆ. ಸಮೂಹ ಗಾಯನದಲ್ಲಿ ಇದ್ದ ಹೆಸರುಗಳೇ ಜಾನಪದ ಗೀತೆಯಲ್ಲಿ, ಅವೇ ಹೆಸರುಗಳು ಕಿರುನಾಟಕದಲ್ಲಿ. ಇದಕ್ಕೆ ಕಾರಣ ಯಾರ ಪಕ್ಷಪಾತವೂ ಅಲ್ಲ. ನಮ್ಮಲ್ಲಿ ಗೆದ್ದ ತಂಡ ವಿಶ್ವವಿದ್ಯಾಲಯದ ಯುವಜನೋತ್ಸವಕ್ಕೆ ಹೋಗಬೇಕು. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ನಿಯಮದಲ್ಲಿ ಸಮೂಹ ಗಾಯನಕ್ಕೆ ಹಾಡುವವರು ಹೆಚ್ಚೆಂದರೆ 6 ಮಂದಿ, ಜಾನಪದ ನೃತ್ಯಕ್ಕೆ 10 ಮಂದಿ. ಆರೇ ಜಾಗ ಇದ್ದಾಗ ಮೇಷ್ಟ್ರು ಯಾರನ್ನು ಆರಿಸುತ್ತಾರೆ? ಈಗಾಗಲೇ ಹಾಡಿ ಗೊತ್ತಿರುವವರನ್ನೇ ತಾನೇ. ಹಾಡಿ ಗೊತ್ತಿಲ್ಲದವರಿಗೆ ಗೊತ್ತಾಗುವ ಜಾಗವೇ ಹಬ್ಬದಲ್ಲಿ ಇರಲಿಲ್ಲ.

ಎರಡನೇ ಕಾರಣ ಬಸ್ಸು. ನಮ್ಮ ಕಾಲೇಜಿಗೆ ಆಯನೂರು, ರಿಪ್ಪನ್‌ಪೇಟೆ, ತೀರ್ಥಹಳ್ಳಿ ದಾರಿಯ ಹಳ್ಳಿಗಳಿಂದ ದಿನಾ ಬಂದು ಹೋಗುವವರು ತುಂಬ. ಮಧ್ಯಾಹ್ನದ ಬಸ್ಸು ತಪ್ಪಿದರೆ ಮುಖ್ಯರಸ್ತೆಯಲ್ಲಿ ಇಳಿದು ಕತ್ತಲಲ್ಲಿ ಒಳದಾರಿ ನಡೆಯಬೇಕು. ಹೆಣ್ಣುಮಕ್ಕಳ ಮನೆಯಲ್ಲಿ ಅದಕ್ಕೆ ಒಪ್ಪುವುದಿಲ್ಲ. ಆದರೆ ನಮ್ಮ ಹಬ್ಬದ ಗುಂಪು ಸ್ಪರ್ಧೆಗಳೆಲ್ಲ ಮೂರು ಗಂಟೆಯ ಮೇಲೆ. ಅವರು ಚಪ್ಪಾಳೆ ತಟ್ಟಿ ಬಸ್ ಸ್ಟ್ಯಾಂಡಿಗೆ ಹೋಗುವವರು ಎಂದು ನಾವೇ ತೀರ್ಮಾನ ಮಾಡಿಬಿಟ್ಟ ಹಾಗಿತ್ತು.

ಪಟ್ಟಿ ಹಿಡಿದುಕೊಂಡು ಮೇಡಂ ಹತ್ತಿರ ಹೋದೆ. ಸಮಿತಿ ಸಭೆಯಲ್ಲಿ ಮಾತು ಸ್ವಲ್ಪ ಬಿಸಿಯೇ ಆಯಿತು. ವೇಳಾಪಟ್ಟಿ ಆಗಲೇ ಅಚ್ಚಾಗಿದೆ, ತೀರ್ಪುಗಾರರಿಗೆ ಹೇಳಿ ಆಗಿದೆ ಎಂದರು. ಅದನ್ನು ಮುಟ್ಟುವುದು ಬೇಡ, ಎರಡನೇ ದಿನ ಬೆಳಿಗ್ಗೆ 11ರಿಂದ 1ರವರೆಗೆ ಸಭಾಂಗಣ ಸುಮ್ನೆ ಖಾಲಿ ಇದೆ, ಅದನ್ನು ಕೊಡಿ ಎಂದು ಕೇಳಿದೆವು. ಕೊನೆಗೆ ‘ಬಯಲು ವಿಭಾಗ’ ಅಂತ ಒಂದು ಹೊಸದು ಸೇರಿತು. ತರಗತಿಗೆ ಒಂದು ತಂಡ, ಒಂದು ಹಾಡು ಅಥವಾ ಒಂದು ಕುಣಿತ, ಐದು ನಿಮಿಷ. ಎಷ್ಟು ಜನ ಬೇಕಾದರೂ ಇರಬಹುದು. ಆಯ್ಕೆ ಇಲ್ಲ, ಅಂಕ ಇಲ್ಲ. ಕಾಲೇಜಿನ ಆರು ಜನರ ತಂಡದಲ್ಲಿ ಈಗಾಗಲೇ ಇರುವವರು ಇದರಲ್ಲಿ ಹಾಡುವಂತಿಲ್ಲ, ಕಲಿಸಬಹುದು. ಉದ್ಘಾಟನೆಯ ದಿನ ಮಧ್ಯಾಹ್ನ 1 ಗಂಟೆಯವರೆಗೆ ಹೆಸರು ಕೊಡಬಹುದು. ಈ ಕೊನೆಯ ಸಾಲಿಗಾಗಿ ನಾನು ಹಟ ಹಿಡಿದೆ. ನನ್ನ ಭಾಷಣ ಮುಗಿದ ಮೇಲೆ ಹೋಗುವುದಕ್ಕೆ ಒಂದು ಮೇಜು ಬೇಕಾಗಿತ್ತು.

ಇಷ್ಟಾದ ಮೇಲೆ ಬರೆಯುವುದು ಸುಲಭವಾಯಿತು. ಎರಡು ಪುಟದಿಂದ ಒಂದೊಂದೇ ಹೆಸರು ತೆಗೆದೆ. ಕುವೆಂಪು ಅವರನ್ನು ಬಿಡುವಾಗ ಮನಸ್ಸಿಗೆ ಕಷ್ಟವಾಯಿತು, ಆದರೆ ಎರಡು ನಿಮಿಷ ಮೊದಲು ಎಲ್ಲರೂ ಎದ್ದು ನಿಂತು ಹಾಡಿದ್ದೇ ಅವರ ನಾಡಗೀತೆಯನ್ನು. ಮತ್ತೆ ಹೆಸರು ಹೇಳುವ ಅಗತ್ಯ ಇರಲಿಲ್ಲ. ಭಾಷಣಕ್ಕೆ ಒಂದೇ ಒಂದು ಉದಾಹರಣೆ ಬೇಕಿತ್ತು. ಕೇಳುವವರು ಕಣ್ಣಾರೆ ಕಂಡದ್ದಾಗಿರಬೇಕು, ದೀಪಕ್ಕೂ ಹೊಂದಬೇಕು, ಹಾಡಲು ಬಾರದವನಿಗೂ ಅದರಲ್ಲಿ ಜಾಗ ಇರಬೇಕು. ಊರಿಗೆ ಹೋದಾಗ ಅಪ್ಪನ ಹತ್ತಿರ ಮಾತಾಡುತ್ತ ಅಂಟಿಗೆ ಪಂಟಿಗೆ ನೆನಪಾಯಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಮಲೆನಾಡಿನ ಹಳ್ಳಿಗಳಲ್ಲಿ ದೀಪಾವಳಿಯ ರಾತ್ರಿ ಒಂದು ಗುಂಪು ದೀಪ ಹಿಡಿದು ಮನೆಮನೆಗೆ ಹೋಗುತ್ತದೆ. ಬಾಗಿಲಲ್ಲಿ ನಿಂತು ಪದ ಹೇಳುತ್ತಾರೆ. ಮನೆಯವರು ಬಾಗಿಲು ತೆಗೆದು, ಆ ದೀಪಕ್ಕೆ ಎಣ್ಣೆ ಹಾಕಿ, ಅದರಿಂದ ತಮ್ಮ ದೀಪ ಹಚ್ಚಿಕೊಳ್ಳುತ್ತಾರೆ. ದೀಪ ಆರದ ಹಾಗೆ ಮುಂದಿನ ಮನೆಗೆ ಒಯ್ಯಬೇಕು. ಮುಂದಿನವರು ಒಂದು ಸಾಲು ಹೇಳಿದರೆ ಹಿಂದಿನವರು ಅದನ್ನೇ ತಿರುಗಿ ಹೇಳುತ್ತಾರೆ. ಅಪ್ಪ ಹುಡುಗನಾಗಿದ್ದಾಗ ಕೊನೆಯಲ್ಲಿ ಎಣ್ಣೆ ಗಿಂಡಿ ಹಿಡಿದು ನಡೆದವರು. ಆಮೇಲೆ ಹಿಂದೆ ನಿಂತು ಹಾಡಿದವರು. ಈಗ ಊರಲ್ಲಿ ಮುಂದೆ ನಿಂತು ಪದ ಎತ್ತುವವರೇ ಅವರು. ‘ಯಾರು ಕಲಿಸಿದರು?’ ಅಂತ ಕೇಳಿದ್ದಕ್ಕೆ, ‘ಯಾರು ಕಲಿಸ್ತಾರೆ ಮಗಾ, ಹಿಂದೆ ಹಾಡ್ತಾ ಹಾಡ್ತಾ ಬಂತು’ ಅಂದರು. ನನಗೆ ಬೇಕಾಗಿದ್ದ ಮಾತು ಅದು.

ಹೇಳಿ ನೋಡಿದಾಗ ಸಮಯ ಲೆಕ್ಕ ಹಾಕಿದೆ. ಕನ್ನಡದ ಪದಗಳು ಉದ್ದ. ವೇದಿಕೆ ಮೇಲೆ ನಿಧಾನವಾಗಿ ಹೇಳಿದರೆ ನನ್ನ ಬಾಯಲ್ಲಿ ನಿಮಿಷಕ್ಕೆ 80, 90 ಪದ ಹೋಗುತ್ತದೆ, ಅಷ್ಟೇ. ಚಪ್ಪಾಳೆ, ಗಲಾಟೆ, ಉಸಿರು ಎಲ್ಲ ಸೇರಿಸಿದರೆ ನಾಲ್ಕು ನಿಮಿಷಕ್ಕೆ 250 ಪದ ದಾಟಬಾರದು. ಇನ್ನೊಂದು ವಿಷಯವೂ ಗೊತ್ತಾಯಿತು. ‘ಸನ್ಮಾನ್ಯ’ದಿಂದ ಶುರುಮಾಡಿ ವೇದಿಕೆ ಮೇಲಿನ ಎಲ್ಲರ ಹೆಸರು, ಹುದ್ದೆ ಹೇಳಿ ಮುಗಿಸುವುದಕ್ಕೇ ಹತ್ತಿರ ಹತ್ತಿರ ಒಂದು ನಿಮಿಷ ಬೇಕು. ಸ್ವಾಗತ ಮಾಡುವವರು ಅದನ್ನು ಆಗಲೇ ಮಾಡಿರುತ್ತಾರೆ. ಪ್ರಿನ್ಸಿಪಾಲರನ್ನು ಕೇಳಿಯೇ ಹೆಸರುಗಳನ್ನು ಬಿಟ್ಟೆ. ಅವರು ‘ನನ್ನ ಹೆಸರು ಎಲ್ಲರಿಗೂ ಗೊತ್ತಿದೆ, ಬಿಡು’ ಎಂದರು.

ಕೊನೆಗೆ ಕಾರ್ಡಿನಲ್ಲಿ ಬರೆದುಕೊಂಡದ್ದು ಇದು:

‘ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವ ಹಿರಿಯರಿಗೂ, ಕೊನೆಯ ಸಾಲಿನಲ್ಲಿ ನಿಂತಿರುವ ಗೆಳೆಯರಿಗೂ.

ಈಗ ಒಂದು ದೀಪ ಹಚ್ಚಿದೆವು. ನಮ್ಮ ಊರುಗಳಲ್ಲಿ ದೀಪಾವಳಿಗೆ ಅಂಟಿಗೆ ಪಂಟಿಗೆಯವರು ಬರುತ್ತಾರೆ. ನಿಮ್ಮಲ್ಲಿ ಎಷ್ಟು ಜನರ ಮನೆಗೆ ಬಂದಿದ್ದಾರೆ? ಕೈ ಎತ್ತಿ.

ಆ ಗುಂಪಿಗೆ ಯಾರನ್ನೂ ಪರೀಕ್ಷೆ ಮಾಡಿ ಸೇರಿಸಿಕೊಳ್ಳುವುದಿಲ್ಲ. ಮುಂದೆ ಇಬ್ಬರು ಹಾಡುತ್ತಾರೆ. ಹಿಂದೆ ಹತ್ತು ಜನ ಹಾಡುತ್ತಾರೆ. ಹಾಡಲು ಬಾರದವನು ಎಣ್ಣೆ ಹಿಡಿದು ನಡೆಯುತ್ತಾನೆ. ನಮ್ಮ ಅಪ್ಪ ಎಣ್ಣೆ ಹಿಡಿದು ನಡೆದವರು. ಇವತ್ತು ಊರಿನಲ್ಲಿ ಪದ ಎತ್ತುವವರು ಅವರೇ. ಯಾರು ಕಲಿಸಿದರು ಅಂತ ಕೇಳಿದೆ. ಹಿಂದೆ ಹಾಡ್ತಾ ಹಾಡ್ತಾ ಬಂತು ಅಂದರು.

ನಮ್ಮ ಕಾಲೇಜಿನಲ್ಲಿ ಮುಂದೆ ಹಾಡುವವರು ಇದ್ದಾರೆ. ಚೆನ್ನಾಗಿ ಹಾಡುತ್ತಾರೆ. ಹಿಂದೆ ಹಾಡುವವರಿಗೆ ಜಾಗ ಇರಲಿಲ್ಲ. ಈ ವರ್ಷ ಜಾಗ ಮಾಡಿದ್ದೇವೆ.

ನಾಳೆ ಬೆಳಿಗ್ಗೆ 11 ಗಂಟೆಗೆ ಬಯಲು ವಿಭಾಗ. ಒಂದು ತರಗತಿಗೆ ಒಂದು ತಂಡ. ಒಂದು ಹಾಡು, ಇಲ್ಲ ಒಂದು ಕುಣಿತ. ಐದು ಜನ ಬನ್ನಿ, ಐವತ್ತು ಜನ ಬನ್ನಿ. ಆಯ್ಕೆ ಇಲ್ಲ. ಅಂಕ ಇಲ್ಲ. ನಿಮ್ಮ ಅಜ್ಜಿ ಹೇಳುತ್ತಿದ್ದ ಹಾಡಾದರೂ ಸರಿ. ಗದ್ದೆ ನೆಟ್ಟಿಯಲ್ಲಿ ಕೇಳಿದ ಹಾಡಾದರೂ ಸರಿ.

ಬಸ್ಸಿಗೆ ಹೋಗುವವರು ಕೇಳಿ. 1 ಗಂಟೆಗೆ ಎಲ್ಲ ಮುಗಿಯುತ್ತದೆ. ನಿಮ್ಮ ಬಸ್ಸು ತಪ್ಪುವುದಿಲ್ಲ.

ಕಾಲೇಜು ತಂಡದಲ್ಲಿ ಹಾಡುವವರೇ, ನಿಮಗೂ ಒಂದು ಕೆಲಸ ಇದೆ. ಇವತ್ತು 2 ಗಂಟೆಗೆ ಕೆಳಗಿನ ಮಹಡಿಯ ಕೋಣೆಗಳು ತೆರೆದಿರುತ್ತವೆ. ನೀವು ಒಬ್ಬೊಬ್ಬರು ಒಂದೊಂದು ತರಗತಿಯ ಜೊತೆ ಕೂತುಕೊಳ್ಳಿ.

ಬಾಗಿಲ ಹತ್ತಿರ ಮೇಜು ಇದೆ. ಮೇಜಿನ ಮೇಲೆ ಪುಸ್ತಕ ಇದೆ. 1 ಗಂಟೆಯ ಒಳಗೆ ನಿಮ್ಮ ತರಗತಿಯ ಹೆಸರು ಬರೆಯಿರಿ. ನಾನು ಈಗ ಇಲ್ಲಿಂದ ಇಳಿದು ಅಲ್ಲಿಗೇ ಹೋಗುತ್ತೇನೆ. ಹಬ್ಬ ಶುರುವಾಗಿದೆ. ಬನ್ನಿ.’

ಇಡೀ ಮಾತಿನಲ್ಲಿ ‘ಪ್ರತಿಭೆ’ ಎಂಬ ಪದ ಇಲ್ಲ. ಬೇಕೆಂದೇ ಬಿಟ್ಟೆ. ಆ ಪದ ಕೇಳಿದ ಕೂಡಲೇ ಹಿಂದೆ ಕೂತವರು ಇದು ನಮಗೆ ಹೇಳಿದ್ದಲ್ಲ ಅಂದುಕೊಳ್ಳುತ್ತಾರೆ.

ಅಭ್ಯಾಸದ ಕಥೆ ಬೇರೆ. ನಮ್ಮ ಸಭಾಂಗಣಕ್ಕೆ ತಗಡಿನ ಮಾಡು, ಸಿಮೆಂಟ್ ನೆಲ, ಮೂರು ಕಡೆ ಗೋಡೆ. ಹೇಳಿದ ಮಾತು ಹಿಂದಿನ ಗೋಡೆಗೆ ಬಡಿದು ವಾಪಸ್ ಬರುತ್ತದೆ. ನನ್ನ ಗೆಳತಿಯನ್ನು ಕೊನೆಯ ಸಾಲಿನಲ್ಲಿ ಕೂರಿಸಿದೆ. ಮಾತು ಗೊತ್ತಾಗದಿದ್ದಾಗ ಕೈ ಎತ್ತು ಎಂದೆ. ಅವಳು ಕೈ ಎತ್ತಿದ್ದೆಲ್ಲ ವಾಕ್ಯದ ಕೊನೆಯಲ್ಲಿ.

‘ಎಂತ ಮಾರಾಯ್ತಿ, ಜಾಗ ಇತ್ತೋ ಇರ್ಲಿಲ್ವೋ ಅಂತಾನೇ ಗೊತ್ತಾಗ್ಲಿಲ್ಲ’ ಅಂದಳು.

ಯೋಚನೆ ಮಾಡಿದರೆ ಅದು ಸರಿಯೇ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಯಲ್ಲಿ. ಇದೆಯೋ ಇಲ್ಲವೋ, ಮಾಡಿದೆವೋ ಮಾಡಲಿಲ್ಲವೋ ಎಂಬುದೆಲ್ಲ ಕೊನೆಯ ಎರಡು ಮೂರು ಅಕ್ಷರದಲ್ಲಿ ಕೂತಿರುತ್ತದೆ. ನಾವು ಮಾತಾಡುವಾಗ ದನಿ ಇಳಿಸುವುದೂ ಅಲ್ಲೇ. ಅದರ ಮೇಲೆ ಮುಂದಿನ ವಾಕ್ಯವನ್ನು ಬೇಗ ಶುರು ಮಾಡಿದರೆ, ವಾಪಸ್ ಬಂದ ಸದ್ದೂ ಹೊಸ ಸದ್ದೂ ಸೇರಿ ಹಿಂದಿನ ವಾಕ್ಯದ ಬಾಲ ಮುಳುಗಿಹೋಗುತ್ತದೆ. ಹಾಗಾಗಿ ಎರಡು ಕೆಲಸ ಮಾಡಿದೆ. ಆರೇಳು ಪದಕ್ಕಿಂತ ಉದ್ದದ ವಾಕ್ಯಗಳನ್ನು ಆದಷ್ಟು ಒಡೆದೆ. ಕೊನೆಯ ಪದವನ್ನು ಮೊದಲ ಪದದಷ್ಟೇ ಗಟ್ಟಿಯಾಗಿ ಹೇಳಿ, ಒಂದು ಉಸಿರು ನಿಂತು, ಆಮೇಲೆ ಮುಂದೆ ಹೋದೆ. ಮೇಲಿನ ಕಾರ್ಡಿನಲ್ಲಿ ಸಾಲುಗಳು ತುಂಡು ತುಂಡಾಗಿ ಕಾಣುತ್ತವಲ್ಲ, ಅದಕ್ಕೆ ಆ ತಗಡಿನ ಮಾಡೇ ಕಾರಣ.

ಹಿಂದಿನ ಸಂಜೆ ಸೌಂಡ್ಸ್‌ನವರು ಬಂದಾಗ ಮೈಕಿನ ಪಾಠವೂ ಆಯಿತು. ಆ ಅಣ್ಣ ತಾಳ್ಮೆಯಿಂದ ಹೇಳಿಕೊಟ್ಟರು. ‘ತಂಗಿ, ಮೈಕು ತುಟಿಗೆ ತಾಗಿಸಬೇಡ. ನಾಕು ಬೆರಳು ಬಿಡು. ಚೂರು ಓರೆ ಹಿಡಿ.’ ನೇರ ಹಿಡಿದರೆ ‘ಪ’, ‘ಬ’, ‘ಭ’ ಬಂದಾಗಲೆಲ್ಲ ಗಾಳಿ ಮೈಕಿಗೆ ಬಡಿದು ‘ಧಬ್’ ಎನ್ನುತ್ತದೆ. ‘ಬನ್ನಿ’ ಎಂಬ ಪದವೇ ಅಷ್ಟು ಸಲ ಇರುವ ಭಾಷಣಕ್ಕೆ ಇದು ಮುಖ್ಯವಾಗಿತ್ತು. ಸ್ಪೀಕರಿನ ಮುಂದೆ ನಡೆದು ಹೋಗಬಾರದು ಎಂದೂ ಹೇಳಿದರು. ಸ್ಪೀಕರಿನ ಸದ್ದು ಮೈಕಿಗೆ ಹೊಕ್ಕು, ಮತ್ತೆ ಸ್ಪೀಕರಿಗೆ ಹೋಗಿ, ಸುತ್ತಿ ಸುತ್ತಿ ಕೀರಲು ಕೂಗು ಬರುತ್ತದೆ. ಖಾಲಿ ಸಭಾಂಗಣದಲ್ಲಿ ಕೇಳುವಷ್ಟು ಗುಂಯ್‌ಗುಡುವುದು ನಾಳೆ ಇರುವುದಿಲ್ಲ, ಜನ ಕೂತರೆ ಅವರ ಮೈಯೇ ಸದ್ದು ಹೀರಿಕೊಳ್ಳುತ್ತದೆ ಎಂದು ಧೈರ್ಯ ಹೇಳಿದ್ದೂ ಅವರೇ. ಅದು ಮಾರನೇ ದಿನ ನಿಜವಾಯಿತು.

ಮೇಡಂ ಇನ್ನೊಂದು ಎಚ್ಚರಿಕೆ ಕೊಟ್ಟಿದ್ದರು. ‘ನಮ್ಮ ಕಾರ್ಯಕ್ರಮ ಹೊತ್ತಿಗೆ ಸರಿಯಾಗಿ ಶುರುವಾಗಲ್ಲ. ನಿನ್ನ ಸರದಿ ಬರೋ ಹೊತ್ತಿಗೆ ಚೀಟಿ ಬಂದೇ ಬರುತ್ತೆ. ಎರಡು ನಿಮಿಷದ್ದೂ ಒಂದು ಇಟ್ಟುಕೋ.’ ಅದಕ್ಕೆ ಕಾರ್ಡಿನಲ್ಲಿ ಬಿಡಬಹುದಾದ ಸಾಲುಗಳ ಪಕ್ಕ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಯಾವುದನ್ನು ಬಿಡುವುದು ಎಂದು ಆರಿಸಲು ಮೇಡಂ ಕೇಳಿದ ಆ ಪ್ರಶ್ನೆಯನ್ನೇ ಇಟ್ಟುಕೊಂಡೆ. ಕೇಳಿದವರು ಏನು ಮಾಡಬೇಕು, ಎಲ್ಲಿಗೆ ಬರಬೇಕು, ಎಷ್ಟು ಹೊತ್ತಿಗೆ ಎನ್ನುವ ಸಾಲುಗಳನ್ನು ಮುಟ್ಟುವಂತಿಲ್ಲ. ಬಸ್ಸಿನ ಸಾಲನ್ನೂ ಮುಟ್ಟುವಂತಿಲ್ಲ. ಉಳಿದದ್ದೆಲ್ಲ ಹೋಗಬಹುದು, ಅಪ್ಪನ ಕಥೆಯೂ ಎರಡು ಸಾಲಿಗೆ ಇಳಿಯಬಹುದು.

ಉದ್ಘಾಟನೆಯ ದಿನ ಬೆಳಿಗ್ಗೆ ಮೋಡ ಕವಿದಿತ್ತು. ಏಪ್ರಿಲ್ ಕೊನೆ, ಭರಣಿ ಮಳೆಯ ಹೊತ್ತು. ತಗಡಿನ ಮೇಲೆ ಜೋರು ಮಳೆ ಬಿದ್ದರೆ ಯಾವ ಮೈಕೂ ನಡೆಯುವುದಿಲ್ಲ ಎಂದು ಎಲ್ಲರಿಗೂ ಆತಂಕ. ಮಳೆ ಬರಲಿಲ್ಲ. ಆದರೆ ಕರೆಯೋಲೆಯಲ್ಲಿ ಹೆಸರಿಲ್ಲದ ಹಿರಿಯರೊಬ್ಬರು ಅನಿರೀಕ್ಷಿತವಾಗಿ ಬಂದರು. ಅವರಿಗೆ ಕುರ್ಚಿ, ಹೂವು, ಸ್ವಾಗತ, ‘ಎರಡು ಮಾತು’ ಎಲ್ಲ ಆಗಬೇಕಾಯಿತು. ಕಾರ್ಯಕ್ರಮ ಅರ್ಧ ಗಂಟೆ ತಡವಾಯಿತು. ಹಿಂದಿನ ಸಾಲುಗಳಲ್ಲಿ ಮಾತು ಜೋರಾಯಿತು, ಕೆಲವರು ಕ್ಯಾಂಟೀನಿಗೆ ಎದ್ದರು.

ದೀಪದ ಬಗ್ಗೆ ಒಂದು ಮಾತು. ಬತ್ತಿಯ ತುದಿಗೆ ಚೂರು ಕರ್ಪೂರ ಇಟ್ಟರೆ ಬೇಗ ಹತ್ತಿಕೊಳ್ಳುತ್ತದೆ. ಪಕ್ಕದ ಸ್ಟ್ಯಾಂಡ್ ಫ್ಯಾನನ್ನು ಆ ಹೊತ್ತಿಗೆ ಆರಿಸಲು ಒಬ್ಬರನ್ನು ನಿಲ್ಲಿಸಬೇಕು. ನಾವು ಎರಡನ್ನೂ ಮಾಡಿದ್ದೆವು, ಒಂದೇ ಸಲಕ್ಕೆ ಹತ್ತಿತು. ಮೇಣದಬತ್ತಿಯ ಬದಲು ಹಣತೆಯಿಂದ ಹಚ್ಚಿದೆ. ಆ ಹಣತೆಯನ್ನು ಸಭೆಯ ನಡುವಿನಿಂದ ತಂದುಕೊಟ್ಟವಳು ಮೊದಲ ವರ್ಷದ ಹುಡುಗಿ, ಅಲ್ಲಿಯವರೆಗೆ ವೇದಿಕೆ ಹತ್ತದವಳು. ಗಾಳಿಗೆ ಕೈ ಅಡ್ಡ ಹಿಡಿದು ಅವಳು ಬರುವಾಗ ಸಭೆ ತಾನಾಗಿ ಅವಳ ಕಡೆ ನೋಡಿತು. ನನ್ನ ಮಾತಿಗೆ ಅಷ್ಟು ಗಮನ ಮೊದಲೇ ಸಿಕ್ಕಿದ್ದು ದೊಡ್ಡ ಉಪಕಾರ.

ಮೈಕಿನ ಹತ್ತಿರ ಹೋಗುವಾಗ ನಿರೂಪಣೆ ಮಾಡುತ್ತಿದ್ದವಳು ಚೀಟಿ ಕೈಗಿಟ್ಟಳು: ‘ಎರಡು ನಿಮಿಷ ಸಾಕಂತೆ ಅಕ್ಕ.’

ಪೆನ್ಸಿಲಿನ ಗೆರೆ ನೋಡಿಕೊಂಡು ಮಾತಾಡಿದೆ. ‘ಮುಂದೆ ಹಾಡುವವರು ಇದ್ದಾರೆ’ ಎಂಬ ಭಾಗ ಒಂದೇ ಸಾಲಾಯಿತು. ಅಜ್ಜಿಯ ಹಾಡು, ಗದ್ದೆಯ ಹಾಡು ಬಿಟ್ಟುಹೋದವು. ಅಪ್ಪನ ಕಥೆ ಮೂರು ವಾಕ್ಯಕ್ಕೆ ನಿಂತಿತು. ಕೈ ಎತ್ತಿ ಎಂದು ಕೇಳುವುದಕ್ಕೂ ಗೆರೆ ಇತ್ತು, ಆದರೆ ಅದನ್ನು ಬಿಡಲಿಲ್ಲ. ಸಭೆಯ ಗಲಾಟೆ ಕೇಳಿ ಅಲ್ಲೇ ನಿರ್ಧಾರ ಮಾಡಿದೆ. ‘ಅಂಟಿಗೆ ಪಂಟಿಗೆ ಎಷ್ಟು ಜನರ ಮನೆಗೆ ಬಂದಿದೆ? ಕೈ ಎತ್ತಿ’ ಎಂದಾಗ ಮುಂದಿನ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು ಕೈ ಎದ್ದಿತು. ಹಿಂದೆ, ಬಾಗಿಲ ಹತ್ತಿರ, ಬಸ್ಸಿನ ಹುಡುಗರು ನಿಂತಿದ್ದ ಕಡೆ, ಒಟ್ಟಿಗೇ ಎಷ್ಟೋ ಕೈಗಳು ಮೇಲೆ ಬಂದವು. ಮುಂದೆ ಕೂತವರು ತಿರುಗಿ ನೋಡಿದರು. ಗಲಾಟೆ ನಿಂತಿತು. ಬಸ್ಸಿನ ಸಾಲು ಹೇಳಿದಾಗ ಅವರು ಚಪ್ಪಾಳೆ ತಟ್ಟಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತು ತಲುಪಿತು ಎಂದು ನನಗೆ ಗೊತ್ತಾದದ್ದು ಆಗಲೇ. ಚಪ್ಪಾಳೆ ಎಲ್ಲ ಭಾಷಣಕ್ಕೂ ಬರುತ್ತದೆ. ಪಕ್ಕದವರನ್ನು ತಿರುಗಿ ನೋಡುವುದು, ‘ಹೋಗೋಣ್ವಾ’ ಎಂದು ಕೇಳುವ ಹೊತ್ತಿಗೆ ಮಾತ್ರ.

‘ಇಲ್ಲಿಂದ ಇಳಿದು ಅಲ್ಲಿಗೇ ಹೋಗುತ್ತೇನೆ’ ಎಂದು ಹೇಳಿದ ಮೇಲೆ ವೇದಿಕೆಯ ಕುರ್ಚಿಗೆ ವಾಪಸ್ ಹೋಗುವಂತಿರಲಿಲ್ಲ. ಅಧ್ಯಕ್ಷರ ಭಾಷಣದ ಹೊತ್ತಿಗೆ ವೇದಿಕೆ ಬಿಡುವುದು ಮರ್ಯಾದೆಯಲ್ಲ ಎಂದು ಯಾರಾದರೂ ಅಂದುಕೊಳ್ಳಬಹುದು ಎಂದು ಪ್ರಿನ್ಸಿಪಾಲರಿಗೆ ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಂಡಿದ್ದೆ. ಪಕ್ಕದ ಮೆಟ್ಟಿಲಿನಿಂದ ಇಳಿದು, ಗೋಡೆ ಬದಿಯಲ್ಲಿ ನಡೆದು, ಮೇಜಿನ ಹಿಂದೆ ಕೂತೆ.

ಮೊದಲು ಬಂದವರು ಆಯನೂರು ಕಡೆಯ ಬಿ.ಕಾಂ. ಹುಡುಗರು. ‘ಡೊಳ್ಳು ತರಬಹುದಾ ಅಕ್ಕ? ನಮ್ಮೂರಲ್ಲಿ ಇದೆ’ ಎಂದರು. ಎರಡು ವರ್ಷದಿಂದ ನಮ್ಮ ಜೊತೆ ಓದುತ್ತಿದ್ದವರು. ಅವರಿಗೆ ಡೊಳ್ಳು ಬರುತ್ತದೆ ಎಂದು ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಮೊದಲ ವರ್ಷದ ಹುಡುಗಿಯರು ಬಂದರು. ಅವರ ಪ್ರಶ್ನೆ ಒಂದೇ: ನಿಜವಾಗಲೂ 1 ಗಂಟೆಗೆ ಮುಗಿಯುತ್ತದಾ? ಪುಸ್ತಕದಲ್ಲಿ ಆ ಸಾಲನ್ನೇ ಬರೆದು ಕೆಳಗೆ ಮೇಡಂ ಸಹಿ ಹಾಕಿಸಿದೆ. ಮನೆಯಲ್ಲಿ ತೋರಿಸಲು ಅವರು ಅದರ ಫೋಟೋ ತೆಗೆದುಕೊಂಡರು.

ಭಾಷಣದಿಂದ ಆಗದ್ದೂ ಇದೆ. ಕೊನೆಯ ವರ್ಷದ ಕೆಲವು ತರಗತಿಗಳಿಂದ ಒಬ್ಬರೂ ಬರಲಿಲ್ಲ. ಮೂರು ವರ್ಷ ಕೂತು ನೋಡಿದವರನ್ನು ಎರಡು ನಿಮಿಷದ ಮಾತು ಎಬ್ಬಿಸುವುದಿಲ್ಲ, ಅವರಿಗೆ ಈ ಜಾಗ ಮೊದಲ ವರ್ಷವೇ ಬೇಕಿತ್ತು. ಬಂದ ಕೆಲವು ತಂಡಗಳು ನನ್ನ ಮಾತಿಗಿಂತ ತಮ್ಮ ತರಗತಿ ಪ್ರತಿನಿಧಿ ಬೆನ್ನು ಬಿದ್ದದ್ದಕ್ಕೆ ಬಂದವು. ಕಾಲೇಜು ತಂಡದ ಹಾಡುಗಾರರಲ್ಲಿ ಅರ್ಧ ಜನ ಮಾತ್ರ ಮಧ್ಯಾಹ್ನ ಕಲಿಸಲು ಬಂದರು, ಉಳಿದವರಿಗೆ ಅವರದೇ ಅಭ್ಯಾಸ ಇತ್ತು. ಅವರಿಗೂ ಮೊದಲೇ ಹೇಳಿ, ಯಾರು ಯಾವ ತರಗತಿಗೆ ಎಂದು ಪಟ್ಟಿ ಮಾಡಿಡಬೇಕಾದ ಕೆಲಸ ಅದು. ವೇದಿಕೆಯಿಂದ ಕೇಳಿಕೊಂಡರೆ ಆಗುವಂಥದ್ದಲ್ಲ.

ಮಾರನೇ ದಿನ ಬಯಲು ವಿಭಾಗ 1 ಗಂಟೆಗೆ ಕೆಲವು ನಿಮಿಷ ಮೊದಲೇ ಮುಗಿಯಿತು. ಹಬ್ಬದ ನಂತರದ ಸಮಿತಿ ಸಭೆಯಲ್ಲಿ ಅದನ್ನು ಮುಂದಿನ ವರ್ಷದ ಅಚ್ಚಿನ ವೇಳಾಪಟ್ಟಿಗೇ ಸೇರಿಸಿದರು. ಉದ್ಘಾಟನೆ ಮಾಡುವ ವಿದ್ಯಾರ್ಥಿಯ ಮಾತನ್ನು ಸ್ವಾಗತ ಭಾಷಣಕ್ಕಿಂತ ಮೊದಲು, ನಾಡಗೀತೆ ಮುಗಿದ ಕೂಡಲೇ ಇಡಿ ಎಂದು ನಾನು ಕೇಳಿದೆ. ಅದಕ್ಕೆ ಕೆಲವರು ಒಪ್ಪಲಿಲ್ಲ, ಅತಿಥಿಗಳನ್ನು ಸ್ವಾಗತಿಸದೆ ಮಾತು ಶುರು ಮಾಡುವುದು ಹೇಗೆ ಎಂದರು. ದೀಪವನ್ನೂ ಆ ಎರಡು ನಿಮಿಷವನ್ನೂ ಮೊದಲಿಗೆ ತಂದು, ಸ್ವಾಗತವನ್ನು ಆಮೇಲೆ ಇಟ್ಟರೆ ಆಗಬಹುದು ಎಂದು ಮೇಡಂ ಬರೆದುಕೊಂಡರು. ಆ ಕಾರ್ಡು, ಪೆನ್ಸಿಲಿನ ಗೆರೆಗಳ ಸಮೇತ, ಈಗ ಮುಂದಿನ ಕಾರ್ಯದರ್ಶಿಯ ಕೈಯಲ್ಲಿದೆ. ಅವನು ಸೊರಬದವನು, ಉದಾಹರಣೆಗೆ ಅವನ ಊರಿನದೇ ಏನಾದರೂ ಹುಡುಕಿಕೊಳ್ಳಲಿ ಎಂದು ಹೇಳಿ ಕೊಟ್ಟಿದ್ದೇನೆ.